ಬೂದಿ ಮುಚ್ಚಿದ ಕೆಂಡ: ಒಂದೇ ಮನೆಯ ಐದು ಜನ, ಐದು ತೀರ್ಮಾನ

ಇವತ್ತು ಒಂದೇ ಮನೆಯ ಕಥೆ ಹೇಳ್ತೀನಿ. ಆ ಮನೆಯಲ್ಲಿ ಐದು ಜನ. ಲಾರಿ ಓಡಿಸುವ ಮೂವತ್ತನಾಲ್ಕು ವರ್ಷದ ಮಗ, ಅವನ ಹೆಂಡತಿ, ಎರಡೂವರೆ ವರ್ಷದ ಮಗಳು, ಅಕ್ಕಿ ಮಿಲ್ಲಿಗೆ ಹೋಗುವ ತಮ್ಮ, ಮತ್ತು ಐವತ್ತೆಂಟು ವರ್ಷದ ಅಮ್ಮ. ಮಗನಿಗೆ ಶ್ವಾಸಕೋಶದ ಟಿಬಿ ಅಂತ ಗೊತ್ತಾಯಿತು. ಕಫದಲ್ಲೇ ರೋಗಾಣು ಸಿಕ್ಕಿತ್ತು. ಅವನಿಗೆ ಔಷಧಿ ಶುರುವಾಯಿತು, ಅದು ಸರಾಗವಾಗಿ ನಡೆಯಿತು. ಅವನ ಬಗ್ಗೆ ಇವತ್ತು ಹೆಚ್ಚು ಮಾತಾಡುವುದಿಲ್ಲ. ಉಳಿದ ನಾಲ್ಕು ಜನರ ಬಗ್ಗೆ ಮಾತಾಡೋಣ. ಯಾಕಂದರೆ ಆ ನಾಲ್ವರೂ ಒಂದೇ ಗಾಳಿ ಉಸಿರಾಡಿದವರು. ಆದರೆ ನಾಲ್ವರಿಗೂ ನಾವು ಮಾಡಿದ್ದು ಬೇರೆ ಬೇರೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಟಿಬಿ ರೋಗಾಣು ಒಳಗೆ ಹೋದವರಿಗೆಲ್ಲ ಟಿಬಿ ಕಾಯಿಲೆ ಬರುವುದಿಲ್ಲ. ರೋಗಾಣು ಶ್ವಾಸಕೋಶಕ್ಕೆ ಇಳಿದಾಗ ನಮ್ಮ ರಕ್ಷಣಾ ಕೋಶಗಳು ಅದರ ಸುತ್ತ ಗುಂಪು ಕಟ್ಟಿ ಒಂದು ಸಣ್ಣ ಗಂಟು ಮಾಡಿ ಕೂರಿಸಿಬಿಡುತ್ತವೆ. ಒಳಗಿನ ರೋಗಾಣು ಸತ್ತಿರುವುದಿಲ್ಲ, ಬೆಳೆಯುವುದೂ ಇಲ್ಲ. ಮನುಷ್ಯನಿಗೆ ಕೆಮ್ಮಿಲ್ಲ, ಜ್ವರ ಇಲ್ಲ. ಅವನಿಂದ ಯಾರಿಗೂ ಹರಡುವುದಿಲ್ಲ. ನಮ್ಮಲ್ಲಿ ಬೂದಿ ಮುಚ್ಚಿದ ಕೆಂಡ ಅಂತೀವಲ್ಲ, ಹಾಗೇ. ಇದನ್ನೇ ಸುಪ್ತ ಟಿಬಿ ಅನ್ನುವುದು. ಹೀಗೆ ಸೋಂಕು ಇರುವ ಆರೋಗ್ಯವಂತರಲ್ಲಿ ನೂರಕ್ಕೆ ಐದರಿಂದ ಹತ್ತು ಜನರಿಗೆ ಮಾತ್ರ ಜೀವಮಾನದಲ್ಲಿ ಯಾವಾಗಲಾದರೂ ಕಾಯಿಲೆಯಾಗಿ ಬರುತ್ತದೆ. ಹಾಗೆ ಬರುವವರಲ್ಲಿ ಸುಮಾರು ಅರ್ಧ ಜನರಿಗೆ ಸೋಂಕು ತಗುಲಿದ ಮೊದಲ ಎರಡು ವರ್ಷದಲ್ಲೇ ಬರುತ್ತದೆ. ಅದಕ್ಕೇ ರೋಗಿಯ ಮನೆಯವರ ಮೇಲೆ ನಮ್ಮ ಕಣ್ಣು. ಅವರು ಆ ಎರಡು ವರ್ಷದ ಬಾಗಿಲಲ್ಲೇ ನಿಂತಿರುತ್ತಾರೆ.

ಈಗ ಆ ಮನೆಗೆ ಹೋಗೋಣ. ಆಶಾ ಕಾರ್ಯಕರ್ತೆ ಮತ್ತು ಟಿಬಿ ವಿಭಾಗದ ಮೇಲ್ವಿಚಾರಕರು ಹೋದಾಗ ಮನೆಯವರು ಕೇಳಿದ್ದು ಒಂದೇ ಮಾತು: "ನಮಗೂ ಮಾತ್ರೆ ಕೊಡ್ತೀರಾ?" ಇದಕ್ಕೆ ತಕ್ಷಣ ಹೌದು ಅಂದುಬಿಟ್ಟರೆ ಅಲ್ಲೇ ತಪ್ಪಾಗುತ್ತದೆ. ಮಾತ್ರೆ ಆಮೇಲೆ. ಮೊದಲು ಈ ನಾಲ್ವರಲ್ಲಿ ಯಾರಿಗಾದರೂ ಈಗಾಗಲೇ ಕಾಯಿಲೆ ಇದೆಯಾ ಅಂತ ನೋಡಬೇಕು. ಕೆಮ್ಮು ಇದೆಯಾ, ಜ್ವರ ಬರುತ್ತಾ, ರಾತ್ರಿ ಬೆವರುತ್ತಾ, ತೂಕ ಇಳಿದಿದೆಯಾ ಅಂತ ನಾಲ್ಕು ಪ್ರಶ್ನೆ ಕೇಳಬೇಕು. ಮಗುವಾದರೆ ಊಟ ಬಿಟ್ಟಿದೆಯಾ, ತೂಕ ಏರುತ್ತಿದೆಯಾ, ಆಟ ಆಡುತ್ತಿದೆಯಾ ಅಂತಲೂ ಕೇಳಬೇಕು. ಸಿಕ್ಕುವ ಕಡೆ ಎದೆ ಎಕ್ಸ್‌ರೇ ಮಾಡಿಸಬೇಕು.

ತಮ್ಮನನ್ನು ಕೇಳಿದಾಗ, "ಕೆಮ್ಮು ಇದೆ, ಆದ್ರೆ ಅದು ಮಿಲ್ಲಿನ ಧೂಳಿಗೆ" ಅಂದ. ಎಷ್ಟು ದಿನ ಆಯ್ತಪ್ಪಾ ಅಂದರೆ, "ಒಂದು ಇಪ್ಪತ್ತು ದಿನ." ಪ್ಯಾಂಟಿಗೆ ಬೆಲ್ಟಿನಲ್ಲಿ ಹೊಸ ತೂತು ಮಾಡಿಕೊಂಡಿದ್ದ. ಅದನ್ನು ಗಮನಿಸಿದ್ದು ಆಶಾ. ಕಫ ಪರೀಕ್ಷೆ ಮಾಡಿಸಿದೆವು, ಟ್ರೂನ್ಯಾಟ್ ಯಂತ್ರದಲ್ಲಿ. ಆ ಯಂತ್ರದ ಹಿಂದೆ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದ ಕೆಲಸ ಇದೆ ಅನ್ನುವುದು ನಮ್ಮವರಿಗೆ ಗೊತ್ತಿರಲಿ ಅಂತ ಈ ಮಾತು. ಅವನಿಗೆ ಕಾಯಿಲೆ ಇತ್ತು. ಅವನಿಗೆ ಕಾಯಿಲೆ ಬರದಂತೆ ಮೊದಲೇ ಕೊಡುವ ತಡೆ ಚಿಕಿತ್ಸೆ ಅಲ್ಲ, ಅಣ್ಣನ ಹಾಗೇ ಪೂರ್ತಿ ಚಿಕಿತ್ಸೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಸುಮ್ನೆ ಅವನಿಗೂ ಒಂದು ಮಾತ್ರೆ ಕೊಟ್ಟಿದ್ದರೆ ಏನಾಗುತ್ತಿತ್ತು? ತಡೆ ಚಿಕಿತ್ಸೆಯ ಮುಖ್ಯ ಔಷಧಿ ಐಸೋನಿಯಾಜಿಡ್. ಟಿಬಿ ರೋಗಾಣುಗಳಲ್ಲಿ ಸುಮಾರು ಹತ್ತು ಲಕ್ಷಕ್ಕೊಂದು ಹುಟ್ಟಿನಿಂದಲೇ ಈ ಔಷಧಿಗೆ ಬಗ್ಗುವುದಿಲ್ಲ. ಸುಪ್ತ ಟಿಬಿಯಲ್ಲಿ ಒಳಗಿರುವ ರೋಗಾಣುಗಳು ತೀರಾ ಕಡಿಮೆ. ಅಷ್ಟರಲ್ಲಿ ಅಂಥ ಮೊಂಡ ಒಂದು ಇರುವ ಸಾಧ್ಯತೆ ಇಲ್ಲವೆನ್ನುವಷ್ಟು. ಹಾಗಾಗಿ ಒಂದೇ ಔಷಧಿ ಸಾಕು. ಆದರೆ ಕಾಯಿಲೆ ಬಂದು ಶ್ವಾಸಕೋಶದಲ್ಲಿ ಗುಳಿ ಬಿದ್ದಿದ್ದರೆ ಅಲ್ಲಿ ಕೋಟಿ ಕೋಟಿ ಇರುತ್ತವೆ. ಐಸೋನಿಯಾಜಿಡ್ ಒಂದನ್ನೇ ಕೊಟ್ಟರೆ ಬಗ್ಗುವವೆಲ್ಲ ಸತ್ತು, ಬಗ್ಗದವು ಖಾಲಿ ಹೊಲದಲ್ಲಿ ಕಳೆ ಬೆಳೆದ ಹಾಗೆ ಬೆಳೆಯುತ್ತವೆ. ಮೊದಲ ಒಂದು ತಿಂಗಳು ಹುಡುಗನಿಗೆ ಕೆಮ್ಮು ಕಡಿಮೆಯಾದ ಹಾಗೂ ಕಾಣಬಹುದು. ಆಮೇಲೆ ಬರುವುದು ಔಷಧಿಗೆ ಬಗ್ಗದ ಟಿಬಿ. ಅದಕ್ಕೇ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದಕ್ಕೆ ನಾನು ಇಷ್ಟು ಒತ್ತು ಕೊಡುವುದು.

ಇನ್ನೊಂದು ಖಾತ್ರಿಯೂ ಬೇಕು. ಮೊದಲ ರೋಗಿಯ, ಅಂದರೆ ಅಣ್ಣನ ರೋಗಾಣು ಯಾವ ಔಷಧಿಗೆ ಬಗ್ಗುತ್ತದೆ ಅನ್ನುವುದು. ಅವನಲ್ಲಿ ಟಿಬಿಯ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಬಗ್ಗದ ಟಿಬಿ ಇದ್ದಿದ್ದರೆ ಮನೆಯವರಿಗೆ ಮಾಮೂಲಿ ಮಾತ್ರೆ ಕೊಟ್ಟು ಪ್ರಯೋಜನ ಇರುತ್ತಿರಲಿಲ್ಲ. ಆಗ ಲೀವೋಫ್ಲಾಕ್ಸಸಿನ್ ಆರು ತಿಂಗಳು ಅನ್ನುವ ಬೇರೆ ದಾರಿ ಇದೆ. ಇವರ ಮನೆಯಲ್ಲಿ ಆ ತೊಂದರೆ ಇರಲಿಲ್ಲ.

ಈಗ ಮಗು. ಎರಡೂವರೆ ವರ್ಷ, ತೂಕ ಹತ್ತು ಕೆಜಿ. ಕೆಮ್ಮಿಲ್ಲ, ಜ್ವರ ಇಲ್ಲ, ಎಕ್ಸ್‌ರೇ ಚೆನ್ನಾಗಿದೆ. ಮಗುವಿನ ತಾಯಿ ಕೇಳಿದಳು, "ಹುಟ್ಟಿದಾಗ್ಲೇ ಬಿಸಿಜಿ ಹಾಕಿಸಿದೀವಲ್ಲ ಮೇಡಂ, ಮತ್ಯಾಕೆ?" ಒಳ್ಳೆಯ ಪ್ರಶ್ನೆ. ಬಿಸಿಜಿ ಮಕ್ಕಳಲ್ಲಿ ಮಿದುಳಿಗೆ ಹೋಗುವ ಟಿಬಿಯಂಥ ಭಯಂಕರ ರೂಪಗಳನ್ನು ಬಹಳಷ್ಟು ತಡೆಯುತ್ತದೆ. ಆದರೆ ಎಲ್ಲವನ್ನೂ ತಡೆಯುವುದಿಲ್ಲ. ಐದು ವರ್ಷದೊಳಗಿನ ಮಗುವಿನಲ್ಲಿ ಸೋಂಕು ಕಾಯಿಲೆಯಾಗುವುದು ಬೇಗ, ಕೆಲವೇ ವಾರ ತಿಂಗಳಲ್ಲಿ. ಬಂದರೆ ಜೋರಾಗಿಯೇ ಬರುತ್ತದೆ. ಹಾಗಾಗಿ ಈ ವಯಸ್ಸಿನವರಿಗೆ ಸೋಂಕು ಇದೆಯಾ ಅಂತ ಪರೀಕ್ಷೆ ಮಾಡುತ್ತಾ ಕೂರುವುದಿಲ್ಲ. ಕಾಯಿಲೆ ಇಲ್ಲ ಅಂತಾದರೆ ನೇರವಾಗಿ ಐಸೋನಿಯಾಜಿಡ್. ಕೆಜಿಗೆ ಹತ್ತು ಮಿಲಿಗ್ರಾಂ ಲೆಕ್ಕ. ಹತ್ತು ಕೆಜಿಗೆ ನೂರು ಮಿಲಿಗ್ರಾಂನ ಒಂದು ಮಾತ್ರೆ, ದಿನಕ್ಕೊಂದು, ಆರು ತಿಂಗಳು. ಒಟ್ಟು ನೂರೆಂಬತ್ತು.

ನೂರೆಂಬತ್ತು ದಿನ ಚೆನ್ನಾಗಿರುವ ಮಗುವಿಗೆ ಮಾತ್ರೆ ಕೊಡುವುದು ಹೇಳಿದಷ್ಟು ಸುಲಭ ಅಲ್ಲ. ಆ ತಾಯಿ ಒಂದು ಉಪಾಯ ಮಾಡಿದ್ದಳು. ಗೋಡೆಗೆ ನೇತುಹಾಕಿದ ಕ್ಯಾಲೆಂಡರಿನಲ್ಲಿ, ಮಾತ್ರೆ ಚಮಚದ ನೀರಿನಲ್ಲಿ ಕರಗಿಸಿ ಕುಡಿಸಿದ ಮೇಲೆ, ಮಗುವಿನ ಕೈಯಲ್ಲೇ ಆ ದಿನದ ಚೌಕದಲ್ಲಿ ಕುಂಕುಮದ ಚುಕ್ಕೆ ಇಡಿಸುತ್ತಿದ್ದಳು. ಮೂರನೇ ತಿಂಗಳಲ್ಲಿ ಹಬ್ಬಕ್ಕೆ ತವರಿಗೆ ಹೋದಾಗ ಐದು ಚೌಕ ಖಾಲಿ. ನಾವು ನೋಡಿ ಬೈಯಲಿಲ್ಲ. ಬಿಟ್ಟಿದ್ದನ್ನು ಕೊನೆಗೆ ಸೇರಿಸಿ ಮುಂದುವರಿಸಿ ಅಂದೆವು. ತಿಂಗಳು ತಿಂಗಳು ತೂಕ ನೋಡಿ ಡೋಸ್ ಸರಿ ಇದೆಯಾ ಅಂತ ಲೆಕ್ಕ ಹಾಕಿದೆವು.

ಈಗ ಸೊಸೆ. ಇಪ್ಪತ್ತೆಂಟು ವರ್ಷ, ಆರೋಗ್ಯವಾಗಿದ್ದಾಳೆ. ನಮ್ಮಲ್ಲಿ ಮೊದಲೆಲ್ಲ ತಡೆ ಚಿಕಿತ್ಸೆ ಅಂದರೆ ಎಚ್‌ಐವಿ ಇರುವವರಿಗೆ ಮತ್ತು ರೋಗಿಯ ಮನೆಯ ಪುಟ್ಟ ಮಕ್ಕಳಿಗೆ ಅಂತ ಇತ್ತು. 2021ರ ರಾಷ್ಟ್ರೀಯ ಮಾರ್ಗಸೂಚಿಯಿಂದ ಶ್ವಾಸಕೋಶದ ಟಿಬಿ ಖಚಿತವಾದವರ ಮನೆಯ ದೊಡ್ಡವರಿಗೂ ವಿಸ್ತರಿಸಿತು. ಅವಳಿಗೆ ಆರಿಸಿದ್ದು ವಾರಕ್ಕೊಂದು ಸಲ ತೆಗೆದುಕೊಳ್ಳುವ ಚಿಕಿತ್ಸೆ. ಐಸೋನಿಯಾಜಿಡ್ ಒಂಬೈನೂರು ಮಿಲಿಗ್ರಾಂ, ರಿಫಾಪೆಂಟಿನ್ ಒಂಬೈನೂರು ಮಿಲಿಗ್ರಾಂ, ಎರಡೂ ಒಟ್ಟಿಗೆ, ಊಟದ ಜೊತೆ, ಹನ್ನೆರಡು ವಾರ. ನಮ್ಮವರು ಇದಕ್ಕೆ 3ಎಚ್‌ಪಿ ಅನ್ನುತ್ತಾರೆ. 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಇದನ್ನು ಒಂಬತ್ತು ತಿಂಗಳ ಐಸೋನಿಯಾಜಿಡ್ ಜೊತೆ ಹೋಲಿಸಿದರು. ರಕ್ಷಣೆ ಅದಕ್ಕಿಂತ ಕಡಿಮೆಯಾಗಲಿಲ್ಲ. ಮುಗಿಸಿದವರು ನೂರಕ್ಕೆ ಎಂಬತ್ತೆರಡು, ಒಂಬತ್ತು ತಿಂಗಳಿನದನ್ನು ಮುಗಿಸಿದವರು ಅರವತ್ತೊಂಬತ್ತು. ಚೆನ್ನಾಗಿರುವವರಿಗೆ ಔಷಧಿ ಕೊಡುವಾಗ ಈ ವ್ಯತ್ಯಾಸ ಸಣ್ಣದಲ್ಲ.

ಆದರೆ ಅವಳ ಬಳಿ ಒಂದು ಪ್ರಶ್ನೆ ಕೇಳಲೇಬೇಕಿತ್ತು. "ಮಗು ಬೇಡ ಅಂತ ಏನಾದ್ರೂ ಮಾತ್ರೆ ತಗೋತಿದೀಯಾ?" ತಗೋತಿದ್ದಳು, ಮಾಲಾ-ಎನ್. ಕೊಟ್ಟಿದ್ದು ಅದೇ ಆಶಾ, ಅದೇ ಚೀಲದಿಂದ. ರಿಫಾಪೆಂಟಿನ್ ಲಿವರ್ ಅನ್ನು ಚುರುಕು ಮಾಡಿ ಬೇರೆ ಎಷ್ಟೋ ಔಷಧಿಗಳನ್ನು ಬೇಗ ಕರಗಿಸಿಬಿಡುತ್ತದೆ. ಗರ್ಭ ತಡೆಯುವ ಮಾತ್ರೆ ಅವುಗಳಲ್ಲಿ ಒಂದು. ಗರ್ಭಿಣಿಗೆ ಈ 3ಎಚ್‌ಪಿ ಕೊಡುವುದೂ ಇಲ್ಲ. ಅವಳು ಕಾಪರ್-ಟಿ ಹಾಕಿಸಿಕೊಂಡಳು. ಇದನ್ನು ಯಾಕೆ ಬಿಡಿಸಿ ಹೇಳುತ್ತಿದ್ದೇನೆ ಅಂದರೆ, ಮನೆಯ ಹಜಾರದಲ್ಲಿ ಅತ್ತೆ, ಮೈದುನ ಎಲ್ಲರ ಮುಂದೆ ಈ ಪ್ರಶ್ನೆ ಕೇಳಿದರೆ ಉತ್ತರ "ಇಲ್ಲ" ಅಂತಲೇ ಬರುತ್ತದೆ. ಅಡುಗೆಮನೆಗೆ ಕರೆದುಕೊಂಡು ಹೋಗಿ ಕೇಳಬೇಕು.

ಮೂರನೇ ವಾರ ಮಾತ್ರೆ ತೆಗೆದುಕೊಂಡ ನಾಲ್ಕು ಗಂಟೆಗೆ ಅವಳಿಗೆ ಚಳಿ, ಮೈಕೈ ನೋವು, ಸಣ್ಣ ಜ್ವರ. ಹೆದರಿ ಫೋನ್ ಮಾಡಿದಳು. ಈ ಔಷಧಿಯಲ್ಲಿ ಫ್ಲೂ ಬಂದ ಹಾಗೆ ಆಗುವುದು ಕೆಲವರಲ್ಲಿ ಉಂಟು, ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ತಲೆ ಸುತ್ತಿ ಬಿದ್ದರೆ, ಬಿಪಿ ಇಳಿದರೆ, ಉಸಿರು ಕಟ್ಟಿದರೆ ಅದು ಬೇರೆ ಮಾತು. ಆಗ ಔಷಧಿ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಅವಳಿಗೆ ಅಂಥದ್ದೇನೂ ಇರಲಿಲ್ಲ. ಬೆಳಗ್ಗೆ ಸರಿಹೋಯಿತು. ಮುಂದಿನ ವಾರದ ಮಾತ್ರೆಯನ್ನು ನಮ್ಮ ಎದುರಿಗೇ ಕೊಟ್ಟು ಎರಡು ಗಂಟೆ ಕೂರಿಸಿಕೊಂಡೆವು. ಆಮೇಲೆ ತೊಂದರೆ ಬರಲಿಲ್ಲ. ಮೂತ್ರ ಕಿತ್ತಳೆ ಬಣ್ಣ ಬರುತ್ತದೆ ಅಂತ ಮೊದಲೇ ಹೇಳಿದ್ದರಿಂದ ಅದಕ್ಕೆ ಗಾಬರಿಯಾಗಲಿಲ್ಲ.

ಇನ್ನು ಅಜ್ಜಿ. ಈ ಉಪನ್ಯಾಸಕ್ಕೆ ನಾನು ಒಪ್ಪಿದ್ದೇ ಇವರಿಗೋಸ್ಕರ.

ಅಜ್ಜಿಗೆ ಆರು ವರ್ಷದಿಂದ ಸಂಧಿವಾತ. ಬೆಳಗ್ಗೆ ಎದ್ದರೆ ಬೆರಳು ಮಡಚಲಾಗದ, ಗಂಟುಗಳು ಊದಿಕೊಳ್ಳುವ ರುಮಟಾಯ್ಡ್ ಅನ್ನುವ ಬಗೆ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನಾ ಪ್ರೆಡ್ನಿಸೋಲೋನ್ ಹತ್ತು ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದರು. ಅದೂ ಸಾಲದಾಗಿ ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ ಅಡಲಿಮುಮಾಬ್ ಇಂಜೆಕ್ಷನ್ ಶುರು ಮಾಡೋಣ ಅಂದಿದ್ದರು. ಮುಂದಿನ ವಾರ ಮೊದಲ ಇಂಜೆಕ್ಷನ್. ಟಿಬಿ ಪರೀಕ್ಷೆಯೂ ಆಗಿತ್ತು. ಎಕ್ಸ್‌ರೇ ಸರಿ, ಮಾಂಟೂ ಪರೀಕ್ಷೆ ಮೂರು ಮಿಲಿಮೀಟರ್, ಅಂದರೆ "ಇಲ್ಲ". ನಿಮಗೆ ಯಾವಾಗಲಾದರೂ ಟಿಬಿ ಬಂದಿತ್ತಾ ಅಂತ ಕೇಳಿದ್ದರು. ಬಂದಿರಲಿಲ್ಲ, ಇಲ್ಲ ಅಂದಿದ್ದರು. ಮನೆಯಲ್ಲಿ ಯಾರಿಗಾದರೂ ಇದೆಯಾ ಅಂತ ಯಾರೂ ಕೇಳಲಿಲ್ಲ. ಮಗನ ಕೆಮ್ಮು ಆಗ ಶುರುವಾಗಿತ್ತು, ಟಿಬಿ ಅಂತ ಗೊತ್ತಿರಲಿಲ್ಲ.

ಆ ಇಂಜೆಕ್ಷನ್ ಏನು ಮಾಡುತ್ತದೆ? ನಮ್ಮ ದೇಹದಲ್ಲಿ ಟಿಎನ್‌ಎಫ್ ಅನ್ನುವ ಒಂದು ಸಂದೇಶದ ವಸ್ತು ಇದೆ. ಅಜ್ಜಿಯ ಕೀಲುಗಳಲ್ಲಿ ಉರಿ ಎಬ್ಬಿಸುತ್ತಿದ್ದುದು ಅದೇ. ಟಿಬಿ ರೋಗಾಣುವಿನ ಸುತ್ತ ಕಟ್ಟಿದ ಆ ಗಂಟನ್ನು ಬಿಗಿಯಾಗಿ ಹಿಡಿದಿಡುವುದೂ ಅದೇ. ಇಂಜೆಕ್ಷನ್ ಟಿಎನ್‌ಎಫ್ ಅನ್ನು ಕಟ್ಟಿಹಾಕುತ್ತದೆ. ಕೀಲಿನ ಉರಿ ಆರುತ್ತದೆ, ಇತ್ತ ಕೆಂಡದ ಮೇಲಿನ ಬೂದಿ ಹಾರುತ್ತದೆ. ಇದೇ ಗುಂಪಿನ ಇನ್‌ಫ್ಲಿಕ್ಸಿಮಾಬ್ ಬಗ್ಗೆ 2001ರಲ್ಲಿ ಅಮೆರಿಕದಿಂದ ಎಪ್ಪತ್ತು ಟಿಬಿ ರೋಗಿಗಳ ವರದಿ ಬಂತು. ಔಷಧಿ ಶುರುವಾಗಿ ಕಾಯಿಲೆ ಬರುವುದಕ್ಕೆ ಹಿಡಿದ ಅವಧಿ, ನಡುವಿನ ಲೆಕ್ಕ ತೆಗೆದರೆ, ಬರೀ ಹನ್ನೆರಡು ವಾರ. ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಟಿಬಿ ಶ್ವಾಸಕೋಶದಾಚೆ ಇತ್ತು.

ಮೂರು ಮಿಲಿಮೀಟರ್ ಅನ್ನುವುದಕ್ಕೆ ವಾಪಸ್ ಬರ್ತೀನಿ. ಮಾಂಟೂ ಅಂದರೆ ಮುಂಗೈ ಚರ್ಮದಲ್ಲಿ ಟ್ಯುಬರ್ಕುಲಿನ್ ಚುಚ್ಚಿ, ನಲವತ್ತೆಂಟರಿಂದ ಎಪ್ಪತ್ತೆರಡು ಗಂಟೆಯೊಳಗೆ ನೋಡುವುದು. ಕೆಂಪಾದದ್ದನ್ನು ಅಳೆಯಬಾರದು, ಗಟ್ಟಿಯಾದದ್ದನ್ನು ಅಳೆಯಬೇಕು. ಬಾಲ್ ಪೆನ್ನನ್ನು ಹೊರಗಿನಿಂದ ಮೆಲ್ಲಗೆ ಎಳೆದುಕೊಂಡು ಬಂದರೆ ಗಟ್ಟಿ ಅಂಚು ಸಿಕ್ಕಾಗ ಪೆನ್ನು ತಡೆದು ನಿಲ್ಲುತ್ತದೆ. ಎರಡೂ ಕಡೆಯಿಂದ ಹಾಗೆ ಗೆರೆ ಎಳೆದು ನಡುವಿನ ಅಂತರ ಅಳೆಯಬೇಕು. ಸಾಮಾನ್ಯರಿಗೆ ಹತ್ತು ಮಿಲಿಮೀಟರ್, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಐದು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸೋಂಕು ಇದೆ ಅಂತ ಲೆಕ್ಕ. ಆದರೆ ಆ ಗಟ್ಟಿ ಏಳುವುದೇ ರಕ್ಷಣಾ ಕೋಶಗಳು ಓಡಿಬಂದರೆ. ದಿನಾ ಪ್ರೆಡ್ನಿಸೋಲೋನ್ ನುಂಗುವವರಲ್ಲಿ ಅವೇ ಮಂಕಾಗಿರುತ್ತವೆ. ಅಂಥವರ ಮೂರು ಮಿಲಿಮೀಟರ್ ಅಂದರೆ ಸೋಂಕಿಲ್ಲ ಅಂತಲೂ ಇರಬಹುದು, ಉತ್ತರ ಕೊಡುವ ಶಕ್ತಿ ಇಲ್ಲ ಅಂತಲೂ ಇರಬಹುದು. ಐಗ್ರಾ ಅನ್ನುವ ರಕ್ತ ಪರೀಕ್ಷೆ ಒಂದು ವಿಷಯದಲ್ಲಿ ಮೇಲು. ಅದರಲ್ಲಿ ಕೋಶಗಳಿಗೆ ಕೆಲಸ ಮಾಡುವ ತಾಕತ್ತಿದೆಯಾ ಅಂತ ನೋಡುವ ಪ್ರತ್ಯೇಕ ಕೊಳವೆಯೊಂದು ಇರುತ್ತದೆ. ಅಲ್ಲೂ ಉತ್ತರ ಬರದಿದ್ದರೆ ವರದಿ "ನಿರ್ಧರಿಸಲಾಗದು" ಅಂತ ಬರುತ್ತದೆ. ದಯವಿಟ್ಟು ಅದನ್ನು "ಇಲ್ಲ" ಅಂತ ಓದಬೇಡಿ. ಇನ್ನೊಂದು ಮಾತು. ಸೋಂಕು ತಗುಲಿದ ಮೇಲೆ ಈ ಪರೀಕ್ಷೆಗಳಲ್ಲಿ ಕಾಣಿಸಿಕೊಳ್ಳಲು ಎಂಟು ವಾರದವರೆಗೂ ಹಿಡಿಯಬಹುದು. ಮತ್ತು ಯಾವ ಪರೀಕ್ಷೆಯೂ ಇದು ಮಲಗಿರುವ ಟಿಬಿಯೋ ಎದ್ದಿರುವ ಟಿಬಿಯೋ ಅಂತ ಬೇರ್ಪಡಿಸಿ ಹೇಳುವುದಿಲ್ಲ.

ಹಾಗಾಗಿ ಅಜ್ಜಿಯ ವಿಷಯದಲ್ಲಿ ನಾವು ಪರೀಕ್ಷೆಯನ್ನು ಪಕ್ಕಕ್ಕಿಟ್ಟೆವು. ಕಫದಲ್ಲಿ ರೋಗಾಣು ಇರುವ ಮಗನ ಜೊತೆ ಎರಡು ಕೋಣೆಯ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದಾರೆ. ರಕ್ಷಣೆ ಕುಗ್ಗಿಸುವ ಔಷಧಿ ಈಗಾಗಲೇ ಇದೆ, ಇನ್ನೊಂದು ಬರಲಿದೆ. ಪರೀಕ್ಷೆ ಏನೇ ಹೇಳಲಿ, ತಡೆ ಚಿಕಿತ್ಸೆ ಬೇಕು. ಕೀಲಿನ ಡಾಕ್ಟರಿಗೆ ಫೋನ್ ಮಾಡಿ ಮಗನ ವಿಷಯ ಹೇಳಿದೆ. ಅವರು ಕೂಡಲೇ ಇಂಜೆಕ್ಷನ್ ಮುಂದೂಡಿದರು. ಎಕ್ಸ್‌ರೇ ಹೊಸದಾಗಿ ತೆಗೆಸಿದೆವು, ಕುತ್ತಿಗೆ ಕಂಕುಳಲ್ಲಿ ಗಡ್ಡೆ ಇದೆಯಾ ಅಂತ ಮುಟ್ಟಿ ನೋಡಿದೆವು.

ಸೊಸೆಗೆ ಕೊಟ್ಟ ವಾರದ ಔಷಧಿ ಅಜ್ಜಿಗೆ ಯಾಕೆ ಕೊಡಲಿಲ್ಲ? ಅದೇ ಕಾರಣ. ರಿಫಾಪೆಂಟಿನ್ ಪ್ರೆಡ್ನಿಸೋಲೋನ್ ಅನ್ನೂ ಬೇಗ ಕರಗಿಸುತ್ತದೆ. ಕೀಲು ಮತ್ತೆ ಊದಿಕೊಳ್ಳುತ್ತಿತ್ತು. ಕಿಡ್ನಿ ಕಸಿಯಾದವರು ತೆಗೆದುಕೊಳ್ಳುವ ಟ್ಯಾಕ್ರೋಲಿಮಸ್, ಸಂಧಿವಾತದ ಟೋಫಾಸಿಟಿನಿಬ್, ರಕ್ತ ತಿಳಿಯಾಗಿಸುವ ವಾರ್ಫರಿನ್ ಇವೆಲ್ಲಕ್ಕೂ ಇದೇ ಕಿರಿಕಿರಿ. ಅದಕ್ಕೆ ಅಜ್ಜಿಗೆ ದಿನಾ ಐಸೋನಿಯಾಜಿಡ್ ಮುನ್ನೂರು ಮಿಲಿಗ್ರಾಂ, ಆರು ತಿಂಗಳು. ಜೊತೆಗೆ ಬಿ6 ವಿಟಮಿನ್. ಐಸೋನಿಯಾಜಿಡ್‌ನಿಂದ ಕೈಕಾಲು ಜೋಮು ಹಿಡಿದು ಉರಿಯುವುದನ್ನು ಅದು ತಡೆಯುತ್ತದೆ.

ಭಯ ಇದ್ದಿದ್ದು ಲಿವರ್‌ದು. ಐಸೋನಿಯಾಜಿಡ್ ಲಿವರ್‌ಗೆ ತೊಂದರೆ ಕೊಡಬಹುದು, ಮೆಥೊಟ್ರೆಕ್ಸೇಟ್ ಕೂಡ. ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಎಲ್‌ಟಿ ಶುರು ಮಾಡುವ ಮೊದಲು ಇಪ್ಪತ್ತೆಂಟು ಇತ್ತು. ಆ ಲ್ಯಾಬಿನಲ್ಲಿ ನಲವತ್ತರವರೆಗೆ ಸರಿ. ನಾಲ್ಕನೇ ವಾರ ಅರವತ್ತೊಂದು. ಅಜ್ಜಿಗೆ ಹಸಿವಿದೆ, ವಾಂತಿ ಇಲ್ಲ, ಕಣ್ಣು ಬಿಳಿ. ತೊಂದರೆ ಇದ್ದು ಮಿತಿಯ ಮೂರು ಪಟ್ಟು, ಅಂದರೆ ನೂರಿಪ್ಪತ್ತು ದಾಟಿದರೆ ನಿಲ್ಲಿಸುತ್ತೇವೆ. ತೊಂದರೆ ಇಲ್ಲದಿದ್ದರೂ ಐದು ಪಟ್ಟು, ಇನ್ನೂರು ದಾಟಿದರೆ ನಿಲ್ಲಿಸುತ್ತೇವೆ. ಅರವತ್ತೊಂದಕ್ಕೆ ನಿಲ್ಲಿಸಲಿಲ್ಲ, ಎಂಟನೇ ವಾರ ನಲವತ್ತನಾಲ್ಕಕ್ಕೆ ಇಳಿಯಿತು. ಆದರೆ ಅಜ್ಜಿಗೆ ನಾವು ಹೇಳಿಕೊಟ್ಟಿದ್ದು ಅಂಕಿ ಅಲ್ಲ. "ಊಟ ಸೇರದೆ ಹೋದ್ರೆ, ವಾಂತಿ ಬಂದ್ರೆ, ಮೂತ್ರ ಕಡು ಚಹಾ ಬಣ್ಣಕ್ಕೆ ತಿರುಗಿದ್ರೆ, ಆವತ್ತೇ ಮಾತ್ರೆ ನಿಲ್ಸಿ, ಆಮೇಲೆ ನಮಗೆ ಫೋನ್ ಮಾಡಿ. ನಮ್ಮನ್ನ ಕೇಳೋವರೆಗೆ ಕಾಯ್ಬೇಡಿ ಅಜ್ಜಿ." ಇದರಲ್ಲಿ ಜೀವ ಉಳಿಸುವ ಮಾತು ಇದೇ. ವಾಂತಿಯ ಮಧ್ಯೆಯೂ "ಕೋರ್ಸ್ ಮುಗಿಸಬೇಕು" ಅಂತ ನುಂಗುತ್ತಾ ಹೋದವರಲ್ಲೇ ಲಿವರ್ ಕೈಕೊಟ್ಟಿದ್ದನ್ನು ನಾನು ನೋಡಿದ್ದೇನೆ.

ತಡೆ ಚಿಕಿತ್ಸೆ ಶುರುವಾದ ಮೇಲೆ ಕನಿಷ್ಠ ಒಂದು ತಿಂಗಳು ಕಾದು ಆ ಇಂಜೆಕ್ಷನ್ ಕೊಡುವುದು ರೂಢಿ. ಆ ತಿಂಗಳು ಅಜ್ಜಿಗೆ ಸುಲಭ ಇರಲಿಲ್ಲ. ಚೊಂಬು ಹಿಡಿದು ನೀರು ಬಗ್ಗಿಸಲು ಆಗುತ್ತಿರಲಿಲ್ಲ, ಮೊಮ್ಮಗಳು ಎರಡು ಕೈಯಲ್ಲಿ ಲೋಟ ಹಿಡಿದು ಕೊಡುತ್ತಿದ್ದಳು. ಮೂವತ್ತೈದನೇ ದಿನ ಮೊದಲ ಅಡಲಿಮುಮಾಬ್ ಆಯಿತು. ಐಸೋನಿಯಾಜಿಡ್ ಅದರ ಜೊತೆಗೇ ಆರು ತಿಂಗಳು ಮುಗಿಯುವವರೆಗೂ ನಡೆಯಿತು.

ಸ್ವಲ್ಪ ಆಚೆ ಹೋಗಿ ಎರಡು ಮಾತು. ಇದು ಹೊಸ ವಿದ್ಯೆ ಅಲ್ಲ. 1950ರ ದಶಕದ ಕೊನೆಯಲ್ಲಿ ಅಲಾಸ್ಕಾದ ಬೆಥೆಲ್ ಸುತ್ತಮುತ್ತ, ಟಿಬಿ ವಿಪರೀತ ಇದ್ದ ಹಳ್ಳಿಗಳಲ್ಲಿ, ಜಾರ್ಜ್ ಕಾಮ್‌ಸ್ಟಾಕ್ ಅನ್ನುವ ವೈದ್ಯರು ಐಸೋನಿಯಾಜಿಡ್ ಕೊಟ್ಟು ನೋಡಿದರು. ತೆಗೆದುಕೊಂಡವರಲ್ಲಿ ಕಾಯಿಲೆ ಗಣನೀಯವಾಗಿ ಇಳಿಯಿತು, ಆ ರಕ್ಷಣೆ ಹತ್ತೊಂಬತ್ತು ವರ್ಷದ ಮೇಲೂ ಕಂಡಿತು. ಕಾಮ್‌ಸ್ಟಾಕ್ ಅವರೂ ಅವರ ಮನೆಯವರೂ ಮಾತ್ರೆ ತೆಗೆದುಕೊಂಡಿದ್ದರು. ಎರಡನೆಯದು ನಮ್ಮ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಮತ್ತು ಮಾಧವಿ ಭಾರ್ಗವ ಅವರದು. ಜಾರ್ಖಂಡ್‌ನಲ್ಲಿ ಟಿಬಿ ರೋಗಿಗಳ ಮನೆಯವರಿಗೆ ತಿಂಗಳಿಗೆ ತಲಾ ಐದು ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ, ವಿಟಮಿನ್ ಮಾತ್ರೆ ಕೊಟ್ಟರು. 2023ರಲ್ಲಿ ಫಲಿತಾಂಶ ಬಂತು. ಆ ಮನೆಯವರಲ್ಲಿ ಟಿಬಿ ನೂರಕ್ಕೆ ಮೂವತ್ತೊಂಬತ್ತರಷ್ಟು ಕಡಿಮೆ. ಮಾತ್ರೆ ಕೊಡಲು ಹೋದವರು ಅಕ್ಕಿ ಡಬ್ಬದ ಮುಚ್ಚಳವನ್ನೂ ತೆಗೆದು ನೋಡಬೇಕು ಅಂತ ನಾನು ಹೇಳುವುದು ಅದಕ್ಕೆ.

ಸಭೆಯಿಂದ ಒಬ್ಬರು ಚೀಟಿ ಕಳಿಸಿದ್ದಾರೆ: "ಒಂದು ಸಲ ತಗೊಂಡ್ರೆ ಮತ್ತೆ ಬರಲ್ವಾ?" ಇದು ಲಸಿಕೆ ಅಲ್ಲ. ಒಳಗೆ ಈಗಿರುವ ರೋಗಾಣುವನ್ನು ಕೊಲ್ಲುತ್ತದೆ. ನಾಳೆ ಹೊಸದಾಗಿ ಬರುವುದನ್ನು ತಡೆಯುವುದಿಲ್ಲ. ಹೊಸ ರೋಗಿಯ ಜೊತೆ ಇದ್ದರೆ ಮತ್ತೆ ಮೊದಲಿನಿಂದ ನೋಡಬೇಕು. ಹಾಗೆಯೇ ಪೂರ್ತಿ ಮುಗಿಸಿದ ಕೆಲವರಲ್ಲೂ ಕಾಯಿಲೆ ಬಂದಿದ್ದುಂಟು. ಅಜ್ಜಿ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವಷ್ಟು ದಿನ ನಮ್ಮ ಕಣ್ಣು ಇರಲೇಬೇಕು, ಬರೀ ಕೆಮ್ಮಿನ ಮೇಲಲ್ಲ. ಬಿಡದ ಜ್ವರ, ಕುತ್ತಿಗೆಯ ಗಡ್ಡೆ, ಹೊಟ್ಟೆ ಉಬ್ಬರ, ಕಾರಣ ಇಲ್ಲದೆ ಇಳಿಯುವ ತೂಕ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಅಜ್ಜಿ ಈಗಲೂ ಬರುತ್ತಾರೆ. ಒಳಗೆ ಬಂದವರು ಮೊದಲು ಚಪ್ಪಲಿ ಬಿಟ್ಟು ತಾವಾಗಿಯೇ ತೂಕದ ಯಂತ್ರದ ಮೇಲೆ ನಿಲ್ಲುತ್ತಾರೆ. ಹೋದ ಸಲ ಐವತ್ತೊಂದು ಕೆಜಿ ಇತ್ತು, ಅದರ ಹಿಂದಿನ ಸಲಕ್ಕಿಂತ ಒಂದು ಕೆಜಿ ಜಾಸ್ತಿ. ಅಡಲಿಮುಮಾಬ್ ಬರೆದುಕೊಡುವ ಆ ಆಸ್ಪತ್ರೆಯ ಪ್ರಶ್ನೆಪಟ್ಟಿಯಲ್ಲಿ ಈಗ ಒಂದು ಸಾಲು ಸೇರಿದೆ ಅಂತ ಅವರ ಕೀಲಿನ ಡಾಕ್ಟರ್ ಹೇಳಿದರು: "ಮನೆಯಲ್ಲಿ ಅಥವಾ ಪಕ್ಕದಲ್ಲಿ ಯಾರಿಗಾದರೂ ಟಿಬಿ ಇದೆಯೇ, ಎರಡು ವಾರ ಮೀರಿದ ಕೆಮ್ಮು ಇದೆಯೇ?"